ಕೇಳಿದರೆ ನೌಕರಿ ಹೋಗ್ತದಂತ!

ಮೇ ತಿಂಗಳ ಒಂದು ಮಂಗಳವಾರ ಸಂಜೆ ನಮ್ಮ ಓಣಿಯ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಎದೆಗವಚಿಕೊಂಡು ಮನೆಗೆ ಬಂದಳು. ಹುಬ್ಬಳ್ಳಿಯದೇ ಒಂದು ಕಾಲೇಜಿನಲ್ಲಿ ಕೊನೆಯ ಸೆಮಿಸ್ಟರ್. ಬೆಂಗಳೂರಿನ ಕಂಪನಿಯೊಂದರ ಆಫರ್ ಲೆಟರ್ ಕೈಯಲ್ಲಿತ್ತು, ಆನ್‌ಲೈನ್‌ನಲ್ಲೇ ಸಹಿಯೂ ಆಗಿತ್ತು. ಜಾಯಿನಿಂಗ್ ಜೂನ್ 10, ಸೋಮವಾರ. ಅವತ್ತು ಮಧ್ಯಾಹ್ನವಷ್ಟೇ ಪರೀಕ್ಷೆಯ ಟೈಮ್‌ಟೇಬಲ್ ಬಂದಿತ್ತು. ಕೊನೆಯ ಪೇಪರ್ ಜೂನ್ 19, ಪ್ರಾಜೆಕ್ಟ್ ವೈವಾ 22.

‘ಏನ್ ಮಾಡ್ಲಿ ಅಣ್ಣಾ?’

‘ಏನ್ ಮಾಡೋದು, ಕಂಪನಿಗೆ ಒಂದು ಮೇಲ್ ಬರಿ. ಡೇಟ್ ಮುಂದ ಹಾಕ್ರಿ ಅಂತ ಕೇಳು.’

ಅಕಿ ಮುಖ ಬಿಳಚಿಕೊಂಡಿತು. ಕೇಳಬ್ಯಾಡ ಅಂತ ಅಷ್ಟೊತ್ತಿಗಾಗಲೇ ಮೂರು ಮಂದಿ ಹೇಳಿಯಾಗಿತ್ತು. ಕಾಕಾ ಹೇಳಿದ್ದು, ‘ಸುಮ್ಕ ಕುಂದ್ರವಾ, ಕೇಳಿದಿ ಅಂದ್ರ ನೌಕರಿ ಕಿತ್ಗೊಂಡು ಇನ್ನೊಬ್ರಿಗೆ ಕೊಡ್ತಾರ.’ ಕಾಲೇಜಿನ ಪ್ಲೇಸ್‌ಮೆಂಟ್ ಆಫೀಸಿನಲ್ಲಿ ಹೇಳಿದ್ದು, ‘ಮೊದ್ಲು ಹೋಗಿ ಜಾಯಿನ್ ಆಗು, ಆಮೇಲೆ ರಜಾ ಹಾಕಿ ಬಂದು ಪರೀಕ್ಷಾ ಬರಿ.’ ಒಂದು ವರ್ಷ ಮುಂಚೆ ಪಾಸಾದ ಗೆಳತಿ ಹೇಳಿದ್ದು, ‘ಮನ್ಯಾಗ ಯಾರರ ಸತ್ತಾರ ಅಂತ ಹೇಳು.’

ಈ ಮೂರೂ ಸಲಹೆಗಳ ಮೇಲೆ ನನಗೆ ಸಿಟ್ಟಿದೆ. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ವರ್ಷಾ ವರ್ಷಾ ಮೇ-ಜೂನ್‌ನಲ್ಲಿ ಸಾವಿರಾರು ಹುಡುಗರಿಗೆ ಇವೇ ಸಲಹೆ ಸಿಗುತ್ತವೆ. ಮೂರರ ಬುಡದಲ್ಲೂ ಇರುವುದು ಒಂದೇ ನಂಬಿಕೆ: ಆಫರ್ ಒಪ್ಪಿಕೊಂಡ ಮೇಲೆ ತಾರೀಖು ಬದಲಿಸಿ ಎಂದು ಕೇಳುವುದು ಭಿಕ್ಷೆ ಬೇಡಿದ ಹಾಗೆ, ಇಲ್ಲವೇ ಮೋಸ ಮಾಡಿದ ಹಾಗೆ. ಎರಡೂ ಸುಳ್ಳು.

ಕಂಪನಿಯವರ ಮಾತಿನಿಂದಲೇ ಶುರು ಮಾಡೋಣ. ‘ಡೇಟ್ ನೋಡಿ ತಾನೇ ಸಹಿ ಮಾಡಿದ್ದು? ಆವಾಗ ಗೊತ್ತಿರಲಿಲ್ವಾ?’ ಗೊತ್ತಿರಲಿಲ್ಲ ಸ್ವಾಮಿ. ಗೊತ್ತಿರುವುದಕ್ಕೆ ಸಾಧ್ಯವೂ ಇರಲಿಲ್ಲ. ಕ್ಯಾಂಪಸ್ಸಿಗೆ ಕಂಪನಿ ಬರುವುದು ಏಳನೇ ಸೆಮಿಸ್ಟರ್‌ನಲ್ಲಿ. ಆಗ ಕೊಡುವ ಪತ್ರದಲ್ಲಿ ಜಾಯಿನಿಂಗ್ ಡೇಟ್ ಇರುವುದಿಲ್ಲ, ಮುಂದೆ ತಿಳಿಸುತ್ತೇವೆ ಅಂತಿರುತ್ತದೆ. ಡೇಟ್ ಇರುವ ಪತ್ರ ಬರುವುದು ಮಾರ್ಚ್-ಏಪ್ರಿಲ್‌ನಲ್ಲಿ, ಸಹಿಗೆ ಕೊಡುವುದು ಎರಡು-ಮೂರು ದಿನ. ವಿಶ್ವವಿದ್ಯಾಲಯದ ಅಂತಿಮ ಟೈಮ್‌ಟೇಬಲ್ ಬರುವುದು ಪರೀಕ್ಷೆಗೆ ಕೆಲವೇ ವಾರ ಮುಂಚೆ, ಬಂದ ಮೇಲೂ ಒಮ್ಮೊಮ್ಮೆ ತಿದ್ದುಪಡಿ. ಈ ಹುಡುಗಿ ಸಹಿ ಮಾಡಿದ ದಿನ ಜೂನ್ 19ರ ಪೇಪರ್ ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಒಪ್ಪಿಗೆ ಕೊಟ್ಟಾಗ ಇಲ್ಲದ ಕಾರಣ ಆಮೇಲೆ ಹುಟ್ಟಿದೆ. ಹುಟ್ಟಿದ ದಿನವೇ ತಿಳಿಸಿದರೆ ಅದರಲ್ಲಿ ವಚನಭಂಗ ಎಲ್ಲಿಂದ ಬಂತು?

2020ರಲ್ಲಿ ಇದೇ ದೇಶದಲ್ಲಿ ಆದದ್ದು ನೆನಪಿದೆಯೇ? ಕೊರೊನಾ ಕಾಲ. ಕೊನೆಯ ವರ್ಷದ ಪರೀಕ್ಷೆಗಳನ್ನು ಸೆಪ್ಟೆಂಬರ್ 30ರೊಳಗೆ ಮುಗಿಸಿ ಎಂದು ಯುಜಿಸಿ ಜುಲೈ 6ರಂದು ಹೇಳಿತು. ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ಕೂಡ ಪರೀಕ್ಷೆ ಇಲ್ಲದೆ ಪದವಿ ಇಲ್ಲ ಎಂದಿತು. ಮೇ-ಜೂನ್‌ನಲ್ಲಿ ಮುಗಿಯಬೇಕಿದ್ದ ಪರೀಕ್ಷೆ ದೇಶದ ಎಷ್ಟೋ ಕಡೆ ತಿಂಗಳುಗಟ್ಟಲೆ ಮುಂದೆ ಹೋಯಿತು. ಆ ವರ್ಷ ಯಾವ ಹುಡುಗನನ್ನೂ ಯಾರೂ ‘ನಿನಗೆ ಮೊದಲೇ ಗೊತ್ತಿರಲಿಲ್ವಾ’ ಅಂತ ಕೇಳಲಿಲ್ಲ. ಎಲ್ಲರದೂ ಮುಂದೆ ಹೋದರೆ ಪರಿಸ್ಥಿತಿ, ಒಬ್ಬಳದು ಮುಂದೆ ಹೋದರೆ ಬೇಜವಾಬ್ದಾರಿ!

ಇನ್ನು ತಾರೀಖಿನ ಪಾವಿತ್ರ್ಯದ ಮಾತು. ಇನ್ಫೋಸಿಸ್ 2022ರಲ್ಲಿ ಆಫರ್ ಕೊಟ್ಟಿದ್ದ ಸುಮಾರು ಎರಡು ಸಾವಿರ ಹುಡುಗ-ಹುಡುಗಿಯರು ಜಾಯಿನಿಂಗ್ ಡೇಟ್‌ಗಾಗಿ ಎರಡು ವರ್ಷಕ್ಕೂ ಹೆಚ್ಚು ಕಾದರು. ಐಟಿ ನೌಕರರ ಸಂಘಟನೆ ನೈಟ್ಸ್ 2024ರ ಆಗಸ್ಟ್‌ನಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು. ಕೊಟ್ಟ ಆಫರ್‌ಗಳನ್ನೆಲ್ಲ ಗೌರವಿಸುತ್ತೇವೆ, ಕೆಲವು ತಾರೀಖು ಮಾತ್ರ ಬದಲಾಗಿವೆ ಎಂಬರ್ಥದಲ್ಲಿ ಕಂಪನಿಯ ಮುಖ್ಯಸ್ಥರು ಹೇಳಿದರು. ಕೊನೆಗೆ ಅಕ್ಟೋಬರ್ 7ಕ್ಕೆ ಜಾಯಿನಿಂಗ್ ಬಂತು. ಅದೇ ಕಂಪನಿಯ ಕ್ಯಾಂಪಸ್ಸು 2022ರ ಆಗಸ್ಟ್‌ನಲ್ಲೇ ನಮ್ಮ ಗೋಕುಲ ರೋಡಿನಲ್ಲಿ ಶುರುವಾಗಿತ್ತು. ಅದರ ಮುಂದೆ ಹಾದು ಹೋಗುವಾಗೆಲ್ಲ ಈ ಲೆಕ್ಕ ನನ್ನ ತಲೆಯಲ್ಲಿ ಬರುತ್ತದೆ.

ಕಂಪನಿಗಳಿಗೂ ಕಷ್ಟ ಇರುತ್ತದೆ, ಮಾರುಕಟ್ಟೆ ಕುಸಿಯುತ್ತದೆ, ಪ್ರಾಜೆಕ್ಟ್ ಸಿಗುವುದಿಲ್ಲ. ಒಪ್ಪಿದೆ. ಆದರೆ ತಾರೀಖು ಬದಲಿಸಬಹುದಾದದ್ದು ಎಂಬುದನ್ನು ನನಗಿಂತ ಮುಂಚೆ ಅವರೇ ಸಾಬೀತು ಮಾಡಿದ್ದಾರೆ. ಎರಡು ವರ್ಷಕ್ಕೆ ‘ಡೇಟ್ ಚೇಂಜ್’ ಅನ್ನುವ ಹೆಸರಾದರೆ ಎರಡು ವಾರಕ್ಕೆ ‘ಅನ್‌ಪ್ರೊಫೆಷನಲ್’ ಅನ್ನುವ ಹೆಸರು ಹೇಗೆ ಬಂತು? ಇದರ ಜೊತೆ ಕಾಲೇಜುಗಳ ‘ಒಬ್ಬರಿಗೆ ಒಂದೇ ನೌಕರಿ’ ನಿಯಮ ಸೇರಿಸಿ ನೋಡಿ. ಒಂದು ಆಫರ್ ಒಪ್ಪಿದ ಹುಡುಗಿಗೆ ಮುಂದಿನ ಡ್ರೈವ್‌ನಲ್ಲಿ ಕೂರುವ ಅವಕಾಶ ಇಲ್ಲ. ಕಂಪನಿ ತಡ ಮಾಡಿದರೆ ನಷ್ಟ ಹುಡುಗಿಗೆ. ಹುಡುಗಿ ತಡ ಮಾಡಿದರೂ ನಷ್ಟ ಹುಡುಗಿಗೇ.

ಕಾನೂನು ಏನು ಹೇಳುತ್ತದೆ? ಇಲ್ಲಿ ನಮ್ಮ ಹುಡುಗರು ಎರಡು ದಿಕ್ಕಿನಲ್ಲೂ ತಪ್ಪುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 7ನೇ ಕಲಮಿನ ಪ್ರಕಾರ ಒಪ್ಪಿಗೆ ಎಂದರೆ ಪೂರ್ತಿ ಒಪ್ಪಿಗೆ, ಷರತ್ತಿಲ್ಲದ ಒಪ್ಪಿಗೆ. ‘ಒಪ್ಪಿದೆ, ಆದರೆ ಜುಲೈ 1ರಿಂದ ಮಾತ್ರ’ ಎಂದು ಸಹಿಗೆ ಮುಂಚೆ ಬರೆದರೆ ಅದು ಒಪ್ಪಿಗೆ ಆಗುವುದಿಲ್ಲ, ಹೊಸ ಪ್ರಸ್ತಾಪ ಆಗುತ್ತದೆ. ಅದನ್ನು ಬೇಡ ಎನ್ನುವುದಕ್ಕೆ ಕಂಪನಿ ಸ್ವತಂತ್ರ. ಸಹಿ ಆದ ಮೇಲೆ ಕೇಳುವುದು ಬೇರೆ ಮಾತು. ಆಗ ಕರಾರು ನಿಂತೇ ಇರುತ್ತದೆ, ನೀವು ಕೇಳುತ್ತಿರುವುದು ಪಾಲಿಸುವುದಕ್ಕೆ ಇನ್ನಷ್ಟು ಸಮಯ ಮಾತ್ರ. ಹಾಗೆ ಸಮಯ ವಿಸ್ತರಿಸುವ ಅಧಿಕಾರ ಎದುರಿನವರಿಗೆ ಇದೆ ಎಂದು 63ನೇ ಕಲಮು ಹೇಳುತ್ತದೆ. ಅಂದರೆ ಕೇಳಿದ ಮಾತ್ರಕ್ಕೆ ಒಪ್ಪಿಗೆ ಮುರಿಯುವುದಿಲ್ಲ. ಮುರಿಯುವುದು ಉತ್ತರ ಬರುವುದಕ್ಕೆ ಮುಂಚೆ ನೀವೇ ತೀರ್ಮಾನ ಮಾಡಿಕೊಂಡು ಜೂನ್ 10ಕ್ಕೆ ಹೋಗದೆ ಕೂತಾಗ. ‘ನಿಗದಿತ ದಿನ ಹಾಜರಾಗದಿದ್ದರೆ ಆಫರ್ ರದ್ದು’ ಎನ್ನುವ ಸಾಲು ಬಹುತೇಕ ಪತ್ರಗಳಲ್ಲಿ ಇದ್ದೇ ಇರುತ್ತದೆ. ಕಾಕಾನ ಭಯಕ್ಕೆ ಆಧಾರ ಇರುವುದು ಆ ಸಾಲಿನಲ್ಲಿ. ಅದು ಹೋಗದವರ ಬಗ್ಗೆ ಬರೆದದ್ದು, ಕೇಳಿದವರ ಬಗ್ಗೆ ಅಲ್ಲ.

ಇನ್ನೊಂದು ದಿಕ್ಕಿನ ತಪ್ಪು ಎಂದರೆ ಇದನ್ನು ಹಕ್ಕು ಅಂದುಕೊಳ್ಳುವುದು. ಹಕ್ಕಲ್ಲ. ವಿಸ್ತರಿಸಬಹುದು ಎಂದಿದೆ, ವಿಸ್ತರಿಸಲೇಬೇಕು ಎಂದಿಲ್ಲ.

ಈ ವಿಷಯದಲ್ಲಿ ನಮ್ಮ ಸರ್ಕಾರಿ ನೌಕರಿಯ ನಿಯಮವೇ ಎಷ್ಟೋ ವಾಸಿ ಅಂದರೆ ಐಟಿ ಮಂದಿ ನಗಬಹುದು. ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಕೆಎಎಸ್, ಪಿಎಸ್‌ಐ ಅಂತ ಓದುವ ಯಾವ ಹುಡುಗನನ್ನಾದರೂ ಕೇಳಿ. 1977ರ ನೇಮಕಾತಿ ಸಾಮಾನ್ಯ ನಿಯಮಗಳಲ್ಲಿ ಇದಕ್ಕೊಂದು ದಾರಿ ಇದೆ. 15 ದಿನದೊಳಗೆ ಹಾಜರಾಗಬೇಕು. ಆಗದಿದ್ದರೆ ಅರ್ಜಿ ಕೊಡಬೇಕು. ಕಾರಣ ಸರಿ ಎನಿಸಿದರೆ ನೇಮಕಾತಿ ಪ್ರಾಧಿಕಾರ ಲಿಖಿತ ಆದೇಶದಲ್ಲಿ ಇನ್ನಷ್ಟು ಸಮಯ ಕೊಡಬಹುದು. ಅರ್ಜಿ ಕೊಟ್ಟವನನ್ನು ಅಲ್ಲಿ ಯಾರೂ ದ್ರೋಹಿ ಅನ್ನುವುದಿಲ್ಲ. ಫೋನಿನಲ್ಲಿ ‘ಆಯ್ತು ಬಿಡಿ’ ಅಂದದ್ದನ್ನೂ ಯಾರೂ ಒಪ್ಪಿಗೆ ಅಂದುಕೊಳ್ಳುವುದಿಲ್ಲ.

ಈಗ ಪ್ಲೇಸ್‌ಮೆಂಟ್ ಆಫೀಸಿನ ಸಲಹೆಗೆ ಬರುತ್ತೇನೆ, ಯಾಕಂದರೆ ಮೂರರಲ್ಲಿ ಅತಿ ಅಪಾಯದ್ದು ಅದು. ‘ಜಾಯಿನ್ ಆಗಿ ರಜಾ ಹಾಕು.’ ಜೂನ್ 10ಕ್ಕೆ ಸೇರಿದ ಟ್ರೇನಿಗೆ ರಜಾ ಎಲ್ಲಿಂದ ಬರಬೇಕು? ಮೊದಲ ತಿಂಗಳಲ್ಲಿ ಖಾತೆಯಲ್ಲಿ ಇರುವುದು ಹೆಚ್ಚೆಂದರೆ ಒಂದೋ ಎರಡೋ ದಿನ, ಉಳಿದದ್ದು ಸಂಬಳ ಕಡಿತ. ಸಂಬಳ ಹೋಗಲಿ. ತರಬೇತಿ ಶುರುವಾಗುವುದೇ ಆ ವಾರದಲ್ಲಿ, ವಾರ-ಹತ್ತು ದಿನಕ್ಕೊಂದು ಟೆಸ್ಟ್. ಪೇಪರ್ ಬರೆಯುವುದಕ್ಕೆ ರಾತ್ರಿ ರೈಲು ಹತ್ತಿ ಹುಬ್ಬಳ್ಳಿಗೆ ಬಂದು, ಮರುದಿನ ರಾತ್ರಿ ಮತ್ತೆ ರೈಲು ಹತ್ತಿ ಹೋಗುವ ಹುಡುಗಿ ಆ ಟೆಸ್ಟಿಗೂ ಓದಿರುವುದಿಲ್ಲ, ಈ ಪೇಪರಿಗೂ ಓದಿರುವುದಿಲ್ಲ. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್‌ನ ಮೈಸೂರು ಕ್ಯಾಂಪಸ್ಸಿನಿಂದ 300ಕ್ಕೂ ಹೆಚ್ಚು ಟ್ರೇನಿಗಳು ಹೊರಬಿದ್ದರು. ಮೂರು ಅವಕಾಶ ಕೊಟ್ಟರೂ ಒಳಗಿನ ಪರೀಕ್ಷೆ ಪಾಸಾಗಲಿಲ್ಲ ಎಂದು ಕಂಪನಿ ಹೇಳಿತು. ಅವರ ಕಥೆ ಬೇರೆ ಇರಬಹುದು. ತರಬೇತಿಯ ಟೆಸ್ಟ್ ಎಂದರೆ ಹಾಜರಿ ಹಾಕುವ ಶಾಸ್ತ್ರ ಅಲ್ಲ ಅನ್ನುವುದಂತೂ ಅದರಿಂದ ತಿಳಿಯುತ್ತದೆ. ಇತ್ತ ಒಂದು ಪೇಪರ್ ಹೋದರೆ ಬ್ಯಾಕ್‌ಲಾಗ್. ‘ಬ್ಯಾಕ್‌ಲಾಗ್ ಇಲ್ಲದೆ ಪದವಿ ಮುಗಿದಿರಬೇಕು’ ಎನ್ನುವ ಷರತ್ತು ಅದೇ ಆಫರ್ ಲೆಟರ್‌ನಲ್ಲಿದೆ. ಡೇಟ್ ಉಳಿಸಿಕೊಳ್ಳಲು ಹೋಗಿ ನೌಕರಿಯನ್ನೇ ಕಳೆದುಕೊಳ್ಳುವ ದಾರಿಯನ್ನು ಕಾಲೇಜೇ ತೋರಿಸುತ್ತಿದೆ. ಯಾಕೆ? ಕಾಲೇಜಿಗೆ ಬೇಕಾದದ್ದು ಬ್ರೋಷರ್‌ನಲ್ಲಿ ಪ್ಲೇಸ್‌ಮೆಂಟಿನ ಸಂಖ್ಯೆ, ಮುಂದಿನ ವರ್ಷವೂ ಆ ಕಂಪನಿ ಬರಬೇಕು ಅನ್ನುವ ಆಸೆ. ನಿಜವಾಗಿ ಅವರು ಮಾಡಬೇಕಾದ ಕೆಲಸ ಒಂದೇ: ಟೈಮ್‌ಟೇಬಲ್ ಬಂದ ದಿನ ಅದನ್ನು ಎಲ್ಲ ಕಂಪನಿಗಳಿಗೂ ಕಾಲೇಜಿನ ಹೆಸರಿನಲ್ಲಿ ಕಳಿಸುವುದು. ಅರ್ಧ ಗಂಟೆ ಕೆಲಸ.

ಗೆಳತಿಯ ಸಲಹೆ ಬಗ್ಗೆ ಮಾತಾಡುವ ಮುಂಚೆ ತಪ್ಪೊಪ್ಪಿಗೆ. ನನ್ನ ಮೊದಲ ನೌಕರಿಗೆ ಸೇರುವ ವಾರದಲ್ಲೇ ಅಕ್ಕನ ಮದುವೆ ಇತ್ತು. ಮದುವೆ ಅಂದರೆ ಯಾರು ಬಿಡುತ್ತಾರೆ ಅಂದುಕೊಂಡು ಅಜ್ಜಿಗೆ ಸೀರಿಯಸ್ ಅಂತ ಬರೆದೆ. ಹತ್ತು ದಿನ ಸಿಕ್ಕಿತು. ಮದುವೆಯಲ್ಲಿ ಅದೇ ಅಜ್ಜಿ ಮುಂದಿನ ಸಾಲಿನಲ್ಲಿ ಕೂತು ಎರಡು ಹೋಳಿಗೆ ಹೊಡೆದಳು, ಫೋಟೋ ಫೇಸ್‌ಬುಕ್ಕಿಗೆ ಹೋಯಿತು. ಸೇರಿದ ಮೇಲೆ ನನ್ನ ಮ್ಯಾನೇಜರ್ ಪಾಪ ಒಳ್ಳೆಯ ಮನುಷ್ಯ, ಎರಡು ವರ್ಷ ತನಕ ಸಿಕ್ಕಾಗೆಲ್ಲ ‘ಅಜ್ಜಿ ಹೇಗಿದ್ದಾರೆ?’ ಅಂತ ಕೇಳುತ್ತಿದ್ದರು. ಫೋಟೋ ನೋಡಿದ್ದರೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಆ ಪ್ರಶ್ನೆಯ ಭಯಕ್ಕೆ ನಾನು ಅಕ್ಕನ ಸೀಮಂತಕ್ಕೆ ರಜಾ ಕೇಳಲೇ ಇಲ್ಲ.

ಮನೆಯ ಕೆಲಸ ಪರೀಕ್ಷೆಗಿಂತ ಕಡಿಮೆಯ ಕಾರಣ ಏನಲ್ಲ. ಅಪ್ಪನ ಆಪರೇಷನ್ ಇರುತ್ತದೆ, ಕಲ್ಯಾಣ ಮಂಟಪ ಆರು ತಿಂಗಳ ಹಿಂದೆ ಬುಕ್ ಆಗಿರುತ್ತದೆ. ನವಲಗುಂದ, ಕುಂದಗೋಳ ಕಡೆಯ ಹುಡುಗನಿಗೆ ಜೂನ್ ಮೊದಲ ವಾರ ಅಂದರೆ ಹೆಸರು ಬಿತ್ತುವ ಹೊತ್ತು. ಮಳೆ ಬಿದ್ದ ನಾಲ್ಕು ದಿನದಲ್ಲಿ ಬಿತ್ತದಿದ್ದರೆ ಹದ ಹೋಯಿತು, ಮನೆಯಲ್ಲಿ ಕೂರಿಗೆ ಹಿಡಿಯಲು ಬೇರೆ ಗಂಡಾಳಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಪಟ್ಟು ಸುಳ್ಳು ಕಾಯಿಲೆ ಹುಟ್ಟಿಸುತ್ತೇವಲ್ಲ, ಅದು ನನಗೆ ಸೇರುವುದಿಲ್ಲ. ವ್ಯತ್ಯಾಸ ಇರುವುದು ಒಂದೇ ಕಡೆ: ಪರೀಕ್ಷೆಗೆ ಟೈಮ್‌ಟೇಬಲ್ ಎಂಬ ದಾಖಲೆ ಇದೆ, ಮನೆಯ ಕೆಲಸಕ್ಕೆ ಹಲವು ಸಲ ಇರುವುದಿಲ್ಲ. ಹಾಗಾಗಿ ದಿನಗಳನ್ನು ಕಡಿಮೆ ಕೇಳಬೇಕು, ತಾರೀಖನ್ನು ಖಚಿತ ಹೇಳಬೇಕು. ಮದುವೆಗೆ ಹತ್ತು ದಿನ ಕೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ. ‘ಕೌಟುಂಬಿಕ ಕಾರಣದಿಂದ ಸ್ವಲ್ಪ ಕಾಲಾವಕಾಶ’ ಅಂದರೆ ಎಚ್‌ಆರ್ ಓದುವುದು ಒಂದೇ ರೀತಿ: ಇವನಿಗೆ ಇನ್ನೊಂದು ಆಫರ್ ಬಂದಿದೆ. ಹಾಗೆ ಓದುವುದರಲ್ಲಿ ಅವರ ತಪ್ಪೂ ಇಲ್ಲ. ಒಪ್ಪಿಕೊಂಡು, ಸಮಯ ಕೇಳಿ, ಆಮೇಲೆ ಫೋನ್ ಎತ್ತದೆ ಮಾಯವಾದವರು ಅಷ್ಟು ಮಂದಿ ನಮ್ಮವರೇ ಇದ್ದಾರೆ.

ಸರಿ, ಈ ಹುಡುಗಿ ಏನು ಮಾಡಿದಳು?

ಮೊದಲು ಕಂಪನಿಯ ಕಡೆಯ ಲೆಕ್ಕ ಅರ್ಥ ಮಾಡಿಸಿದೆ. ಹೊಸಬರನ್ನು ಅವರು ಒಬ್ಬೊಬ್ಬರಾಗಿ ಸೇರಿಸಿಕೊಳ್ಳುವುದಿಲ್ಲ, ಬ್ಯಾಚ್ ಮಾಡಿ ಸೇರಿಸುತ್ತಾರೆ. ಟ್ರೇನರ್, ಲ್ಯಾಪ್‌ಟಾಪ್, ಹಾಸ್ಟೆಲ್ ಎಲ್ಲ ಆ ಸೋಮವಾರಕ್ಕೆ ಲೆಕ್ಕ ಹಾಕಿರುತ್ತಾರೆ. ‘ಜೂನ್ 24ಕ್ಕೆ ಬರುತ್ತೇನೆ’ ಅಂದರೆ ಆ ದಿನ ಅಲ್ಲಿ ಬ್ಯಾಚೇ ಇಲ್ಲದಿರಬಹುದು, ಆಗ ‘ಆಗುವುದಿಲ್ಲ’ ಅನ್ನುವುದು ಅವರಿಗೆ ಸುಲಭ. ‘24ರ ನಂತರದ ನಿಮ್ಮ ಮುಂದಿನ ಬ್ಯಾಚ್’ ಅಂದರೆ ಒಂದು ಸಾಲು ಬದಲಿಸಿದರೆ ಕೆಲಸ ಮುಗಿಯುತ್ತದೆ.

ಮರುದಿನ ಬುಧವಾರ ಬೆಳಿಗ್ಗೆ, ಅಂದರೆ ಜಾಯಿನಿಂಗ್‌ಗೆ 26 ದಿನ ಮುಂಚೆ ಮೇಲ್ ಹೋಯಿತು. ಇಂಗ್ಲಿಷಿನಲ್ಲೇ ಬರೆದದ್ದು, ಸಾರ ಇಷ್ಟು: ‘ನಾನು ಆಫರ್ ಒಪ್ಪಿದ್ದೇನೆ, ಸೇರುವುದು ಖಚಿತ. ನಿನ್ನೆ ಪ್ರಕಟವಾದ ವಿಶ್ವವಿದ್ಯಾಲಯದ ಟೈಮ್‌ಟೇಬಲ್ ಪ್ರಕಾರ ನನ್ನ ಕೊನೆಯ ಪೇಪರ್ ಜೂನ್ 19, ವೈವಾ ಜೂನ್ 22. ಟೈಮ್‌ಟೇಬಲ್ ಮತ್ತು ಹಾಲ್ ಟಿಕೆಟ್ ಲಗತ್ತಿಸಿದ್ದೇನೆ. ಜೂನ್ 24 ಅಥವಾ ಅದರ ನಂತರದ ನಿಮ್ಮ ಮುಂದಿನ ಬ್ಯಾಚಿಗೆ ನನ್ನ ಜಾಯಿನಿಂಗ್ ದಿನಾಂಕ ಬದಲಿಸಿ, ಪರಿಷ್ಕೃತ ಪತ್ರ ಕಳಿಸಬೇಕೆಂದು ಕೋರುತ್ತೇನೆ.’ ಕ್ಷಮೆ ಕೇಳುವ ಎರಡು ಸಾಲು ಬರೆದಿದ್ದಳು, ತೆಗೆಸಿದೆ.

ನಾಲ್ಕು ದಿನ ಉತ್ತರ ಇಲ್ಲ. ಕಾಕಾ ಮನೆಯಲ್ಲಿ ‘ನಾ ಹೇಳಿರ್ಲಿಲ್ಲ?’ ಅಂತ ತಿರುಗಾಡಿದ. ಸೋಮವಾರ ಫೋನ್ ಮಾಡಿದಳು. ಎಚ್‌ಆರ್ ಹುಡುಗ ಬಹಳ ಸಲೀಸಾಗಿ, ‘ನೋ ಪ್ರಾಬ್ಲಂ, ಎಕ್ಸಾಮ್ ಮುಗಿಸ್ಕೊಂಡು ಬನ್ನಿ’ ಅಂದ. ಅಕಿ ಖುಷಿಯಿಂದ ಗಿರಮಿಟ್ ಮಿರ್ಚಿ ತಂದಳು.

ಹುಡುಗರು ಕೆಡುವುದು ಇಲ್ಲೇ. ಫೋನಿನಲ್ಲಿ ಹೇಳಿದ ಹುಡುಗ ನಾಳೆ ಬೇರೆ ಕಂಪನಿಗೆ ಹೋಗಬಹುದು. ಆ ಮಾತು ಪೋರ್ಟಲ್‌ಗೆ ಕೇಳಿಸಿರುವುದಿಲ್ಲ. ಅದರಲ್ಲಿ ಹಳೆಯ ತಾರೀಖೇ ಇದ್ದರೆ ಜೂನ್ 10ರ ಸಂಜೆ ನಿಮ್ಮ ಹೆಸರಿನ ಮುಂದೆ ‘ನೋ ಶೋ’ ಬೀಳುತ್ತದೆ, ಲಿಂಕ್ ಸತ್ತು ಹೋಗುತ್ತದೆ. ಆಮೇಲೆ ‘ಸರ್, ಫೋನ್‌ನಾಗ ಹೇಳಿದ್ರಲ್ರೀ’ ಅಂದರೆ ‘ಯಾರು ಹೇಳಿದ್ದು?’ ಅನ್ನುತ್ತಾರೆ. ಮಿರ್ಚಿ ತಿನ್ನುತ್ತಲೇ ಲಾಗಿನ್ ಆಗಿ ನೋಡಿದೆವು. ಜೂನ್ 10 ಹಾಗೇ ಇತ್ತು. ಕೂಡಲೇ ಅದೇ ಮೇಲ್‌ನ ಕೆಳಗೆ ಮೂರು ಸಾಲು ಬರೆಸಿದೆ: ಇವತ್ತು ಇಷ್ಟು ಗಂಟೆಗೆ ನಿಮ್ಮೊಂದಿಗೆ ಮಾತಾಡಿದೆ, ದಿನಾಂಕ ಮುಂದೂಡಲು ಒಪ್ಪಿದ್ದೀರಿ, ಪೋರ್ಟಲ್‌ನಲ್ಲಿ ಇನ್ನೂ ಜೂನ್ 10 ಇದೆ, ಹೊಸ ಬ್ಯಾಚಿನ ದಿನಾಂಕ ತಿಳಿಸಿ.

ಮೂರು ದಿನಕ್ಕೆ ಉತ್ತರ ಬಂತು. ಮುಂದಿನ ಬ್ಯಾಚ್ ಜುಲೈ 8. ಅಂದರೆ ಅಕಿ ಕೇಳಿದ್ದಕ್ಕಿಂತ ಎರಡು ವಾರ ಹೆಚ್ಚು, ಒಟ್ಟು ನಾಲ್ಕು ವಾರದ ಸಂಬಳ ಖೋತಾ. ಇದಕ್ಕೆ ಬೆಲೆ ಇಲ್ಲ ಅಂತ ನಾನು ಹೇಳುವುದಿಲ್ಲ. ಸಂಬಳ ಬಂದ ತಿಂಗಳಿಂದಲೇ ಎಜುಕೇಷನ್ ಲೋನ್ ತೀರಿಸಬೇಕು ಅಂದುಕೊಂಡಿದ್ದ ಮನೆ ಅದು. ಅಪ್ಪ ಒಂದು ರಾತ್ರಿ ಸುಮ್ಮನೆ ಕೂತಿದ್ದರು. ಕೇಳುವ ಮೊದಲೇ ಈ ಲೆಕ್ಕ ಹಾಕಿಕೊಳ್ಳಬೇಕು, ಮತ್ತು ಬ್ಯಾಕ್‌ಲಾಗ್‌ನಿಂದ ಆಫರ್ ಹೋದರೆ ಎಷ್ಟು ಖೋತಾ ಅನ್ನುವುದನ್ನು ಪಕ್ಕದಲ್ಲೇ ಬರೆದುಕೊಳ್ಳಬೇಕು. ಕೊನೆಗೆ ಅಪ್ಪನೇ ಅಂದರು, ‘ಇರ್ಲಿ ಬಿಡವಾ, ಪರೀಕ್ಷಾ ಛಲೋ ಬರಿ.’

ಉತ್ತರದ ಮೇಲ್ ಬಂದರೂ ಪೋರ್ಟಲ್ ಮಾತ್ರ ಅಲ್ಲಾಡಲಿಲ್ಲ. ದಿನಾ ಬೆಳಿಗ್ಗೆ ಲಾಗಿನ್ ಆಗಿ ನೋಡುವುದು, ಎರಡು ದಿನಕ್ಕೊಮ್ಮೆ ಅದೇ ಮೇಲ್‌ಗೆ ಒಂದು ಸಾಲು. ಅಂತೂ ಜೂನ್ 5, ಬುಧವಾರ ಮಧ್ಯಾಹ್ನ ತಾರೀಖು ಬದಲಾಯಿತು, ಪರಿಷ್ಕೃತ ಪತ್ರವೂ ಬಂತು. ಅಕಿ ಅದನ್ನು ಡೌನ್‌ಲೋಡ್ ಮಾಡಿ ಅಪ್ಪನಿಗೆ, ನನಗೆ, ಬೇಕಂತಲೇ ಕಾಕಾನಿಗೆ ಕೂಡ ಕಳಿಸಿದಳು. ಕಾಕಾ ಒಂದು ಹೆಬ್ಬೆಟ್ಟು ಒತ್ತಿದ, ಮಾತಿಲ್ಲ. ಶುಕ್ರವಾರ ಪೇಪರ್ ಇತ್ತು, ಫೋನ್ ಅಮ್ಮನ ಕೈಗೆ ಕೊಟ್ಟು ಓದೋದಕ್ಕೆ ಕೂತಳು.